‘ಟೈರ್ ಪಂಕ್ಚರ್ ಆಯಿತು’ ಎಂದರೆ ಏನರ್ಥ?

ಪ್ರಶ್ನೆ: ನಾನು ಸಮಾಜಶಾಸ್ತ್ರ ಎಂ.ಎ. ವಿದ್ಯಾರ್ಥಿನಿ. ಹೆರಾಲ್ಡ್ ಗಾರ್ಫಿಂಕೆಲ್ ತಮ್ಮ ವಿದ್ಯಾರ್ಥಿಗಳನ್ನು ಮನೆಗೆ ಕಳಿಸಿ, ಬೇಕೆಂದೇ ವಿಚಿತ್ರವಾಗಿ ಮಾತನಾಡಿಸಿದ ಪ್ರಯೋಗಗಳ ಬಗ್ಗೆ ತರಗತಿಯಲ್ಲಿ ಕೇಳಿದೆ. ಹಾಗೆ ಮಾತನಾಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅದರಿಂದ ಹೊಸದಾಗಿ ಏನು ಗೊತ್ತಾಯಿತು? ಮಾತುಕತೆಯ ಹಿಂದಿರುವ ಆ ಅಲಿಖಿತ ನಿಯಮಗಳ ಪಟ್ಟಿ ಎಲ್ಲಾದರೂ ಸಿಗುತ್ತದೆಯೇ? ಪ್ರಾಜೆಕ್ಟ್‌ಗಾಗಿ ನಮ್ಮ ಮನೆಯಲ್ಲೇ ಇದನ್ನು ಮಾಡಿ ನೋಡಬಹುದೇ?

ಉತ್ತರ: ಸಿಟ್ಟಿನಿಂದಲೇ ಶುರು ಮಾಡೋಣ, ಏಕೆಂದರೆ ಈ ಪ್ರಯೋಗಗಳ ಸಾರವೆಲ್ಲ ಆ ಸಿಟ್ಟಿನ ಸ್ವರೂಪದಲ್ಲೇ ಇದೆ. ಗಾರ್ಫಿಂಕೆಲ್ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು. 1964ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ, ಮೂರು ವರ್ಷಗಳ ನಂತರ ಅದನ್ನು ಸೇರಿಸಿಕೊಂಡು ಬಂದ ಪುಸ್ತಕದಲ್ಲಿ, ಅವರು ತಮ್ಮ ವಿದ್ಯಾರ್ಥಿಗಳು ಬರೆದು ತಂದ ವರದಿಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ತೀರಾ ಸಣ್ಣದೊಂದನ್ನು ಎತ್ತಿಕೊಳ್ಳುತ್ತೇನೆ.

ಕೆಲಸಕ್ಕೆ ದಿನವೂ ಒಂದೇ ಕಾರಿನಲ್ಲಿ ಹೋಗಿಬರುವ ಕೆಲವರ ಗುಂಪು. ಅದರಲ್ಲೊಬ್ಬ ಮಹಿಳೆ ಜೊತೆಗಾರರಿಗೆ ಹಿಂದಿನ ದಿನದ ಸಮಾಚಾರ ಹೇಳುತ್ತಿದ್ದಾರೆ: ‘ನನ್ನ ಕಾರಿನ ಟೈರ್ ಪಂಕ್ಚರ್ ಆಯಿತು.’ ಕೇಳಿಸಿಕೊಂಡವರು ಗಾರ್ಫಿಂಕೆಲ್ ಅವರ ವಿದ್ಯಾರ್ಥಿ. ಅವರಿಗೆ ಕೊಟ್ಟಿದ್ದ ಕೆಲಸ ಇಷ್ಟೇ: ಪರಿಚಯದವರು ಯಾವುದಾದರೂ ಮಾಮೂಲಿ ಮಾತು ಆಡಿದಾಗ, ತಾನು ಕೇಳುತ್ತಿರುವುದರಲ್ಲಿ ಅಸಹಜವಾದುದೇನೂ ಇಲ್ಲ ಎಂಬಂತೆ, ಆ ಮಾತಿನ ಅರ್ಥವನ್ನು ಬಿಡಿಸಿ ಹೇಳುವಂತೆ ಕೇಳಬೇಕು. ಅವರು ಕೇಳಿದರು: ‘ಟೈರ್ ಪಂಕ್ಚರ್ ಆಯಿತು ಎಂದರೆ ಏನರ್ಥ?’

ವರದಿಯ ಪ್ರಕಾರ ಆ ಮಹಿಳೆ ಒಂದು ಕ್ಷಣ ದಂಗಾದರು. ಆಮೇಲೆ ಹರಿಹಾಯ್ದರು: ಏನರ್ಥ ಎಂದರೆ ಏನರ್ಥ? ಪಂಕ್ಚರ್ ಎಂದರೆ ಪಂಕ್ಚರ್, ಅದರಲ್ಲಿ ವಿಶೇಷವೇನಿದೆ, ಎಂಥ ಹುಚ್ಚು ಪ್ರಶ್ನೆ ಇದು!

ಇಲ್ಲಿ ಮೂರು ಸಂಗತಿಗಳು ಒಂದರ ಹಿಂದೆ ಒಂದು ನಡೆದಿವೆ. ಮೊದಲು ಮಾತು ನಿಂತಿತು. ಆಮೇಲೆ ಸಿಟ್ಟು ಬಂತು. ಕೊನೆಗೆ ಕೇಳಿದವರ ಮೇಲೆ ಒಂದು ತೀರ್ಪು ಬಿತ್ತು, ‘ಹುಚ್ಚು’ ಎಂದು. ಆದರೆ ಕೇಳಿದ ಪ್ರಶ್ನೆಯಲ್ಲಿ ಬೈಗುಳವಿರಲಿಲ್ಲ, ಅಣಕವಿರಲಿಲ್ಲ. ಅರ್ಥವಾಗದಿದ್ದರೆ ಕೇಳು ಎಂದು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಡುತ್ತಾರೆ. ಅದೇ ಮಹಿಳೆ ಪಂಕ್ಚರ್ ಅಂಗಡಿಗೆ ಹೋಗಿ ಅದೇ ವಾಕ್ಯವನ್ನು ಹೇಳಿದ್ದರೆ, ಅಂಗಡಿಯವನು ‘ಮುಂದಿನದೋ ಹಿಂದಿನದೋ? ಗಾಳಿ ಪೂರ್ತಿ ಇಳಿದಿದೆಯೋ, ನಿಧಾನಕ್ಕೆ ಇಳಿಯುತ್ತಿದೆಯೋ?’ ಎಂದು ನಾಲ್ಕಾರು ಪ್ರಶ್ನೆ ಕೇಳುತ್ತಿದ್ದ. ಅವರು ಸಮಾಧಾನವಾಗಿಯೇ ಉತ್ತರ ಕೊಡುತ್ತಿದ್ದರು. ಹಾಗಾಗಿ ವಿವರಣೆ ಕೇಳಿದ್ದು ತಾನಾಗಿ ತಪ್ಪಲ್ಲ. ದಿನವೂ ಪಕ್ಕದಲ್ಲಿ ಕುಳಿತು ಪ್ರಯಾಣ ಮಾಡುವವರು, ಕಾರು ಎಂದರೇನು, ಕೆಲಸಕ್ಕೆ ತಡವಾದರೆ ಏನಾಗುತ್ತದೆ ಎಂದು ಚೆನ್ನಾಗಿ ಗೊತ್ತಿರುವವರು ಕೇಳಿದ್ದು ತಪ್ಪಾಯಿತು. ಅವರಿಂದ ಬರಬೇಕಾಗಿದ್ದ ಮಾತು ‘ಅಯ್ಯೋ, ಆಮೇಲೆ ಏನು ಮಾಡಿದಿರಿ?’ ಎಂಬಂಥದ್ದು. ಪಂಕ್ಚರ್ ಎಂಬ ಮಾತಿನಲ್ಲಿ ತೊಂದರೆ, ತಡ, ಖರ್ಚು, ಬೇಸರ ಎಲ್ಲ ಅಡಕವಾಗಿದೆ ಎಂದು ಕೇಳುಗ ತಾನಾಗಿ ತುಂಬಿಕೊಳ್ಳಬೇಕಾಗಿತ್ತು.

ಎಡವಿದವರನ್ನು ಕಂಡರೆ ಬರುವ ಕಿರಿಕಿರಿ ಬೇರೆ, ವಿಶ್ವಾಸಕ್ಕೆ ದ್ರೋಹವಾದಾಗ ಬರುವ ಸಿಟ್ಟು ಬೇರೆ. ಆ ಮಹಿಳೆಗೆ ಬಂದದ್ದು ಎರಡನೆಯದು. ನಾನು ಹೇಳದೆ ಬಿಟ್ಟದ್ದನ್ನು ನೀನು ತುಂಬಿಕೊಳ್ಳುತ್ತೀಯೆ, ನೀನು ಹೇಳದೆ ಬಿಟ್ಟದ್ದನ್ನು ನಾನು ತುಂಬಿಕೊಳ್ಳುತ್ತೇನೆ ಎಂಬ ನಂಬಿಕೆ ಮಾತನಾಡುವ ಇಬ್ಬರ ನಡುವೆ ಇರುತ್ತದೆ. ಅದಕ್ಕೆ ನೈತಿಕ ಬಲವೂ ಇದೆ. ಪಾಲಿಸದವನನ್ನು ನಾವು ‘ಅವನಿಗೆ ಗೊತ್ತಿಲ್ಲ, ಪಾಪ’ ಎಂದು ಬಿಡುವುದಿಲ್ಲ. ‘ಬೇಕೆಂದೇ ಮಾಡುತ್ತಿದ್ದಾನೆ’ ಎನ್ನುತ್ತೇವೆ. ಅರ್ಥಕ್ಕೂ ನೀತಿಗೂ ಇಂಥ ನಂಟಿದೆ ಎಂದು ತೋರಿಸಿದ್ದೇ ಈ ಪುಟ್ಟ ಪ್ರಯೋಗದ ಹೊಸತನ. ಸಮಾಜದ ಶಿಸ್ತನ್ನು ಜನ ಚಿಕ್ಕಂದಿನಲ್ಲಿ ಕಲಿತು ಒಳಗಿಟ್ಟುಕೊಂಡ ಮೌಲ್ಯಗಳು ಕಾಯುತ್ತವೆ ಎಂದು ಗಾರ್ಫಿಂಕೆಲ್ ಅವರ ಗುರು, ಹಾರ್ವರ್ಡ್‌ನ ಟಾಲ್ಕಟ್ ಪಾರ್ಸನ್ಸ್ ಕಲಿಸಿದ್ದರು. ಶಿಷ್ಯ ಅದೇ ಪ್ರಶ್ನೆಯನ್ನು ಹಿಡಿದು ಇನ್ನೊಂದು ದಿಕ್ಕಿಗೆ ನಡೆದರು: ಆ ಶಿಸ್ತನ್ನು ಜನ ಪ್ರತಿ ಮಾತಿನಲ್ಲೂ, ಆ ಕ್ಷಣದಲ್ಲೇ, ಕೈಯಾರೆ ಕಟ್ಟುತ್ತಿರುತ್ತಾರೆ. ಕಟ್ಟುವ ವಿಧಾನ ಯಾವುದು ಎಂದು ನೋಡಬೇಕು.

ಎಥ್ನೋಮೆಥಡಾಲಜಿ ಎಂಬ ಬೆದರಿಸುವ ಹೆಸರಿನ ಹಿಂದಿರುವುದು ಇಷ್ಟೇ. 1954ರಲ್ಲಿ ಗಾರ್ಫಿಂಕೆಲ್, ನ್ಯಾಯಾಲಯದ ಜ್ಯೂರಿ ಸದಸ್ಯರು ಕೋಣೆಯೊಳಗೆ ಕುಳಿತು ನಡೆಸಿದ ಚರ್ಚೆಯ ಧ್ವನಿಮುದ್ರಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಜ್ಯೂರಿಯಲ್ಲಿ ಕೂತವರು ವಕೀಲರಲ್ಲ, ಮಾಮೂಲಿ ಜನ. ಆದರೂ ಯಾವುದು ಸಾಕ್ಷ್ಯ, ಯಾವುದು ಊಹೆ, ಯಾವ ವಾದ ಒಪ್ಪತಕ್ಕದ್ದು ಎಂದು ತೀರ್ಮಾನಿಸಲು ಅವರಲ್ಲಿ ಅವರದೇ ವಿಧಾನಗಳಿದ್ದವು. ಜನಸಾಮಾನ್ಯರ ಕೈಯಲ್ಲಿರುವ ಈ ವಿಧಾನಗಳ ಅಧ್ಯಯನಕ್ಕೆ ಅವರು ಆ ಹೆಸರಿಟ್ಟರು.

ಈಗ ನಿಮ್ಮ ಎರಡನೆಯ ಪ್ರಶ್ನೆ, ನಿಯಮಗಳ ಪಟ್ಟಿ. ನನ್ನ ವಿದ್ಯಾರ್ಥಿಗಳೂ ಪ್ರತಿ ವರ್ಷ ಇದನ್ನು ಕೇಳುತ್ತಾರೆ. ಗಾರ್ಫಿಂಕೆಲ್ ಇದಕ್ಕೆ ನೇರ ಉತ್ತರ ಕೊಡುವ ಬದಲು ಒಂದು ಮನೆಪಾಠ ಕೊಟ್ಟರು. ಪಂಕ್ಚರ್ ಪ್ರಯೋಗಕ್ಕಿಂತ ಅದು ಎಷ್ಟೋ ಆಳವಾದದ್ದು ಎಂದು ನನ್ನ ಅಭಿಪ್ರಾಯ. ಅದರಲ್ಲಿ ಯಾರಿಗೂ ಕಿರಿಕಿರಿ ಮಾಡಬೇಕಾಗಿಲ್ಲ, ಒಂದು ಹಾಳೆ ಸಾಕು. ನೀವು ಆಡಿದ ಯಾವುದಾದರೂ ಸಣ್ಣ ಸಂಭಾಷಣೆಯನ್ನು ಎಡಗಡೆ, ಆಡಿದ ಹಾಗೆಯೇ ಬರೆಯಿರಿ. ಬಲಗಡೆ, ಆ ಮಾತಿನಿಂದ ನೀವಿಬ್ಬರೂ ಏನು ಅರ್ಥ ಮಾಡಿಕೊಂಡಿರಿ ಎಂದು ಬರೆಯಿರಿ.

ಒಬ್ಬ ವಿದ್ಯಾರ್ಥಿ ತಾನು ಹೆಂಡತಿಯ ಜೊತೆ ಆಡಿದ ಮಾತನ್ನು ಬರೆದು ತಂದ. ಗಂಡ ಹೇಳುತ್ತಾನೆ: ಇವತ್ತು ಮಗ ಎತ್ತಿಕೊಳ್ಳದೆಯೇ ಪಾರ್ಕಿಂಗ್ ಮೀಟರ್‌ಗೆ ಕಾಸು ಹಾಕಿಬಿಟ್ಟ. ಹೆಂಡತಿ ಕೇಳುತ್ತಾಳೆ: ಅವನನ್ನು ರೆಕಾರ್ಡ್ ಅಂಗಡಿಗೆ ಕರೆದುಕೊಂಡು ಹೋಗಿದ್ದೆಯಾ? ಗಂಡ: ಇಲ್ಲ, ಚಪ್ಪಲಿ ರಿಪೇರಿ ಅಂಗಡಿಗೆ.

ಎಡಗಡೆ ಇರುವುದನ್ನು ಮಾತ್ರ ಓದಿದರೆ ಮೀಟರಿನಿಂದ ಹಾಡಿನ ರೆಕಾರ್ಡ್‌ಗೆ ಮಾತು ಹೇಗೆ ಹಾರಿತು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಬಲಗಡೆ ನೋಡಿ. ಮಗನಿಗೆ ನಾಲ್ಕು ವರ್ಷ. ಅಪ್ಪ ಅವನನ್ನು ಶಿಶುವಿಹಾರದಿಂದ ಮನೆಗೆ ಕರೆತರುತ್ತಿದ್ದ. ಇದುವರೆಗೆ ಮೀಟರಿನ ಎತ್ತರಕ್ಕೆ ಅವನ ಕೈ ಎಟುಕುತ್ತಿರಲಿಲ್ಲ, ಎತ್ತಿಕೊಳ್ಳಬೇಕಿತ್ತು. ಇನ್ನು ಹೆಂಡತಿಯ ಲೆಕ್ಕಾಚಾರ: ಮೀಟರಿಗೆ ಕಾಸು ಹಾಕಿದ ಎಂದರೆ ಕಾರು ಎಲ್ಲೋ ನಿಂತಿರಬೇಕು, ನಿಂತಾಗ ಮಗ ಜೊತೆಯಲ್ಲಿದ್ದ. ಗಂಡ ರೆಕಾರ್ಡ್ ಅಂಗಡಿಗೆ ಹೋಗಿದ್ದ ಎಂದು ಅವಳಿಗೆ ಗೊತ್ತಿದೆ. ಅದು ಮಗನನ್ನು ಕರೆತರಲು ಹೋಗುವಾಗಲೋ, ಕರೆದುಕೊಂಡು ಬರುವಾಗಲೋ? ಬರುವಾಗ ಎಂದಾದರೆ ಕಾಸು ಹಾಕಿದ್ದು ಅಲ್ಲೇ. ಹೋಗುವಾಗ ಎಂದಾದರೆ ಬರುವಾಗ ಇನ್ನೆಲ್ಲೋ ನಿಂತಿದ್ದಾನೆ. ಇಷ್ಟೂ ಲೆಕ್ಕ ಅವಳ ಆ ಒಂದು ಪುಟ್ಟ ಪ್ರಶ್ನೆಯೊಳಗಿದೆ. ಗಂಡನಿಗೆ ಅದು ಅರ್ಥವಾಯಿತು ಎಂಬುದಕ್ಕೆ ಅವನ ಉತ್ತರವೇ ಸಾಕ್ಷಿ: ‘ಇಲ್ಲ’ ಎಂದಷ್ಟೇ ಹೇಳಿ ನಿಲ್ಲದೆ, ಕಾರು ಎಲ್ಲಿ ನಿಂತಿತ್ತು ಎಂದೂ ಹೇಳಿದ.

ಆಮೇಲೆ ನಡೆದದ್ದನ್ನು ಪಠ್ಯಪುಸ್ತಕಗಳು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಬಲಗಡೆ ಬರೆದದ್ದು ಸಾಲದು ಎಂದರು ಗಾರ್ಫಿಂಕೆಲ್. ಈ ಸಂಭಾಷಣೆಯ ಬಗ್ಗೆ ಏನೂ ಗೊತ್ತಿಲ್ಲದ ನನಗೂ ಸ್ಪಷ್ಟವಾಗುವಂತೆ ಇನ್ನಷ್ಟು ನಿಖರವಾಗಿ, ಇನ್ನಷ್ಟು ಪೂರ್ಣವಾಗಿ ಬರೆಯಿರಿ ಎಂದು ಒತ್ತಾಯಿಸಿದರು. ವಿದ್ಯಾರ್ಥಿಗಳು ಬರೆಯಲು ಕೂತರು. ‘ಕಾರು ನಿಂತಿತ್ತು’ ಎಂದು ಬರೆದರೆ, ನಿಂತರೆ ಕಾಸು ಏಕೆ ಹಾಕಬೇಕು ಎಂದು ಬರೆಯಬೇಕು. ಅದನ್ನು ಬರೆದರೆ ಆ ವಿವರಣೆಯಲ್ಲಿ ಬಳಸಿದ ಮಾತುಗಳಿಗೂ ವಿವರಣೆ ಬೇಕು. ಬರೆದಷ್ಟೂ ಬರೆಯಬೇಕಾದದ್ದು ಬೆಳೆಯಿತು. ಕೊನೆಗೆ ಇದು ಆಗದ ಕೆಲಸ ಎಂದು ಅವರು ಕೈಚೆಲ್ಲಿದರು. ಸಮಯ ಸಾಲದೆ ಕೈಚೆಲ್ಲಿದ್ದಲ್ಲ. ವಿವರಿಸುವ ಕೆಲಸವೇ ವಿವರಿಸಬೇಕಾದ ಹೊಸ ಸಂಗತಿಗಳನ್ನು ಹುಟ್ಟಿಸುತ್ತಿತ್ತು.

ಪಟ್ಟಿ ಸಿಗದೇ ಇರುವ ಕಾರಣ ಇದೇ. ಯಾವ ನಿಯಮವನ್ನು ಬರೆದರೂ ಅದರ ಕೊನೆಯಲ್ಲಿ ‘ಇತ್ಯಾದಿ’ ಎಂದು ಸೇರಿಸಲೇಬೇಕು. ಆ ‘ಇತ್ಯಾದಿ’ಯಲ್ಲಿ ಏನೇನು ಬರುತ್ತದೆ ಎಂದು ತೀರ್ಮಾನಿಸಲು ಇನ್ನೊಂದು ನಿಯಮವಿಲ್ಲ. ಆ ಹೊತ್ತಿನಲ್ಲಿ ಎದುರು ಕುಳಿತವರ ವಿವೇಕವೇ ಅದನ್ನು ತೀರ್ಮಾನಿಸಬೇಕು. ಪಂಕ್ಚರ್ ಮಹಿಳೆಯ ಬಳಿಗೆ ಈಗ ಮತ್ತೆ ಹೋದರೆ ಅವರ ಸಿಟ್ಟು ಇನ್ನೂ ಸ್ಪಷ್ಟವಾಗುತ್ತದೆ. ‘ಏನರ್ಥ?’ ಎಂಬ ಪ್ರಶ್ನೆ ಅವರನ್ನು ಕೊನೆಯಿಲ್ಲದ ಈ ಕೆಲಸಕ್ಕೆ ದೂಡಿತ್ತು. ಉತ್ತರಿಸಲು ಆಗದ ಪ್ರಶ್ನೆ ಅದು ಎಂದು ಅವರಿಗೆ ಕೂಡಲೇ ಹೊಳೆದಿರಬೇಕು.

ಮನೆಯ ಪ್ರಯೋಗಕ್ಕೆ ಬರುತ್ತೇನೆ, ಏಕೆಂದರೆ ನೀವು ಮಾಡಲು ಹೊರಟಿರುವುದು ಅದನ್ನೇ ಎಂದು ಕಾಣುತ್ತದೆ. ಸ್ವಂತ ಮನೆಯಲ್ಲಿ ಹದಿನೈದು ನಿಮಿಷದಿಂದ ಒಂದು ಗಂಟೆಯವರೆಗೆ, ತಾವು ಅಲ್ಲಿ ಬಾಡಿಗೆ ಕೊಟ್ಟು ಇರುವವರು ಎಂಬಂತೆ ನಡೆದುಕೊಳ್ಳಲು ಗಾರ್ಫಿಂಕೆಲ್ ಹೇಳಿದರು. ಸೌಜನ್ಯ ಬಿಡಬಾರದು. ಆದರೆ ಸಲುಗೆ ತೋರಬಾರದು, ಕೇಳಿದರೆ ಮಾತ್ರ ಮಾತನಾಡಬೇಕು. ನಲವತ್ತೊಂಬತ್ತು ವಿದ್ಯಾರ್ಥಿಗಳಲ್ಲಿ ಐವರು ಒಲ್ಲೆ ಎಂದರು. ನಾಲ್ವರ ಪ್ರಯತ್ನ ಫಲಿಸಲಿಲ್ಲ.

ಉಳಿದವರ ವರದಿಗಳಲ್ಲಿ ಒಂದು: ಫ್ರಿಜ್‌ನಿಂದ ಏನಾದರೂ ತೆಗೆದುಕೊಂಡು ತಿನ್ನಬಹುದೇ ಎಂದು ಮಗ ತಾಯಿಯನ್ನು ವಿನಯದಿಂದ ಕೇಳಿದ. ತಾಯಿ ಬೆಚ್ಚಿದರು: ಇಷ್ಟು ವರ್ಷ ಕೇಳದೆ ತಿನ್ನುತ್ತಿದ್ದೆ, ಈಗ ನಿನಗೇನಾಗಿದೆ? ಗಮನಿಸಿ, ಇಲ್ಲಿ ಮುರಿದುಬಿದ್ದದ್ದು ಸಭ್ಯತೆಯ ನಿಯಮವಲ್ಲ. ಹುಡುಗ ಎಂದಿಗಿಂತ ಹೆಚ್ಚು ಸಭ್ಯನಾಗಿದ್ದ. ಮನೆಯವರ ನಡುವೆ ಅನುಮತಿ ಕೇಳದಿರುವುದೇ ನಂಟಿನ ಗುರುತು ಎಂಬುದನ್ನು ಅವನ ಸಭ್ಯತೆ ಹೊರಗೆಡವಿತು.

ಇನ್ನೂ ಕುತೂಹಲದ ಸಂಗತಿ, ಮನೆಯವರು ಕಾರಣ ಹುಡುಕಿದ ರೀತಿ. ಮೈಗೆ ಹುಷಾರಿಲ್ಲವೇ? ಕೆಲಸದಿಂದ ತೆಗೆದರೇ? ಓದಿ ಓದಿ ದಣಿದೆಯಾ? ಮದುವೆ ನಿಶ್ಚಯವಾದ ಹುಡುಗಿಯ ಜೊತೆ ಜಗಳವಾಯಿತೇ? ಅರ್ಥವಾಗದ ನಡತೆಯನ್ನು ‘ಅರ್ಥವಿಲ್ಲದ್ದು’ ಎಂದು ಯಾರೂ ಬಿಡಲಿಲ್ಲ. ಗೊತ್ತಿರುವ ಹಳೆಯ ಸಂಗತಿಗಳಲ್ಲಿ ಯಾವುದಾದರೊಂದರ ಕುರುಹಾಗಿ ಅದನ್ನು ಓದಲು ನೋಡಿದರು. ಓದು ಕೂಡಿಬಂದರೆ ಮನೆ ಮತ್ತೆ ಮಾಮೂಲಿಗೆ ಬರುತ್ತಿತ್ತು. ಕೂಡಿಬರದಿದ್ದರೆ ಸಿಟ್ಟು, ಮುಖ ತಿರುಗಿಸುವುದು, ಊಟದ ಮೇಜಿನಿಂದ ಎದ್ದುಹೋಗುವುದು. ಈ ಹುಡುಕಾಟವೂ ಒಂದು ವಿಧಾನವೇ. ನಿಯಮ ಮುರಿದ ಗಳಿಗೆಗಿಂತ, ಮುರಿದದ್ದನ್ನು ಜನ ಹೊಲಿದುಕೊಳ್ಳುವ ಗಳಿಗೆಯಲ್ಲಿ ಕಲಿಯುವುದು ಹೆಚ್ಚಿದೆ.

ಫಲಿಸದ ಪ್ರಯತ್ನಗಳೂ ಇಷ್ಟೇ ಮುಖ್ಯ. ಕೆಲವು ಮನೆಗಳಲ್ಲಿ ಎಲ್ಲರೂ ಅದನ್ನು ಮೊದಲಿನಿಂದಲೇ ತಮಾಷೆ ಎಂದು ತೆಗೆದುಕೊಂಡರು. ವಿದ್ಯಾರ್ಥಿ ಎಷ್ಟು ಪಟ್ಟು ಹಿಡಿದರೂ ಅವರು ಜಗ್ಗಲಿಲ್ಲ. ‘ಇದು ತಮಾಷೆ’ ಎಂಬ ಒಂದು ಓದು ಸಿಕ್ಕಿತೆಂದರೆ ಆ ನಡತೆಗೆ ಅರ್ಥ ಬಂದುಬಿಡುತ್ತದೆ, ಅಲ್ಲಿಗೆ ಪ್ರಯೋಗ ಮುಗಿಯಿತು. ಗಾರ್ಫಿಂಕೆಲ್ ಮೂರು ಮನೆ ಮೂರು ಸಾಲಿನ ಸೊನ್ನೆ-ಕಾಟಾ ಆಟದಲ್ಲಿ ಎದುರಾಳಿ ಹಾಕಿದ ಗುರುತನ್ನು ಅಳಿಸಿ ಬೇರೆ ಮನೆಗೆ ಹಾಕಿಸಿದಾಗಲೂ ಹೀಗೇ ಆಯಿತು. ಇದು ಬೇರೆಯೇ ಆಟವಿರಬೇಕು ಎಂದುಕೊಂಡವರು ಅಷ್ಟಾಗಿ ಕಂಗೆಡಲಿಲ್ಲ. ಅದೇ ಹಳೆಯ ಆಟ ಎಂದು ಹಿಡಿದುಕೊಂಡವರಿಗೇ ತಳಮಳ. ಅಂದರೆ ನಡತೆ ಎಷ್ಟು ವಿಚಿತ್ರವಾಗಿದೆ ಎಂಬುದರ ಮೇಲೆ ಪ್ರತಿಕ್ರಿಯೆ ನಿಂತಿಲ್ಲ. ಅದನ್ನು ಕೂಡಿಸಿಕೊಳ್ಳಲು ಒಂದು ಅರ್ಥ ಕೈಗೆ ಸಿಗುತ್ತದೆಯೇ ಎಂಬುದರ ಮೇಲೆ ನಿಂತಿದೆ. ಮೊಬೈಲ್‌ನಲ್ಲಿ ಓಡಾಡುವ ಪ್ರ್ಯಾಂಕ್ ವಿಡಿಯೋಗಳನ್ನು ಈ ಪ್ರಯೋಗಗಳ ಸಾಲಿಗೆ ಸೇರಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕ್ಯಾಮೆರಾ ಕಂಡ ತಕ್ಷಣ ಎದುರಿನವರಿಗೆ ಸಿದ್ಧ ಅರ್ಥ ಸಿಕ್ಕಿಬಿಡುತ್ತದೆ, ನಗುತ್ತಾರೆ. ಅಲ್ಲಿ ನೋಡಲು ಏನೂ ಉಳಿಯುವುದಿಲ್ಲ.

ಎಲ್ಲ ನಿಯಮಗಳೂ ಇಷ್ಟು ಗಟ್ಟಿಯಾಗಿರುತ್ತವೆ ಎಂದುಕೊಳ್ಳಬೇಡಿ. ಇನ್ನೊಂದು ಪ್ರಯೋಗದಲ್ಲಿ 135 ವಿದ್ಯಾರ್ಥಿಗಳು ನಿಗದಿತ ಬೆಲೆಯ ಅಂಗಡಿಗಳಲ್ಲಿ ಚೌಕಾಸಿ ಮಾಡಬೇಕಿತ್ತು. ಅಮೆರಿಕದ ಅಂಥ ಅಂಗಡಿಯಲ್ಲಿ ಬೆಲೆಚೀಟಿಗಿಂತ ಕಡಿಮೆಗೆ ಕೇಳುವುದು ಮಾನ ಕಳೆದುಕೊಳ್ಳುವ ಕೆಲಸ ಎಂದು ಅವರ ನಂಬಿಕೆ. ಅಂಗಡಿಗೆ ಹೋಗುವ ಮೊದಲೇ ಅವರಿಗೆ ಭಯ. ಕೆಲವರು ಹೋಗಲೇ ಇಲ್ಲ. ಹೋದವರಿಗೆ ಆಶ್ಚರ್ಯ ಕಾದಿತ್ತು: ಮಾರುವವರು ಅಷ್ಟೇನೂ ಸಿಡಿಯಲಿಲ್ಲ, ಹಲವು ಸಲ ಬೆಲೆ ಇಳಿಯಿತು. ಇನ್ನು ಮುಂದೆಯೂ ಚೌಕಾಸಿ ಮಾಡುತ್ತೇವೆ ಎಂದು ಕೆಲವರು ಬರೆದರು. ಆ ನಿಯಮವನ್ನು ಕಾಯುತ್ತಿದ್ದುದು ಅಂಗಡಿಯವರ ಸಿಟ್ಟಲ್ಲ, ಗಿರಾಕಿಗಳ ಅಳುಕು. ಯಾರೂ ಮುಟ್ಟಿ ನೋಡದ ಕಾರಣಕ್ಕೇ ಅದು ಗಟ್ಟಿಯಾಗಿ ಕಾಣುತ್ತಿತ್ತು. ನಮ್ಮ ತರಕಾರಿ ಮಾರುಕಟ್ಟೆಯಲ್ಲಿ ಈ ಪ್ರಯೋಗಕ್ಕೆ ಅರ್ಥವಿಲ್ಲ ಎಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಪ್ರತಿ ಪ್ರಯೋಗವನ್ನೂ ಅದು ನಡೆದ ಜಾಗದಿಂದ ಕಿತ್ತು ತರಲು ಆಗುವುದಿಲ್ಲ.

ಇಲ್ಲಿಂದ ಮುಂದೆ ಈ ಕ್ಷೇತ್ರ ಹಿಡಿದ ದಾರಿ ನಿಮ್ಮ ಪ್ರಾಜೆಕ್ಟ್‌ಗೆ ನೇರವಾಗಿ ಬೇಕಾದದ್ದು. ಗಾರ್ಫಿಂಕೆಲ್ ಈ ಕೆಲಸಗಳನ್ನು ಕಟ್ಟುನಿಟ್ಟಾದ ಪ್ರಯೋಗಗಳೆಂದು ಕರೆದುಕೊಂಡವರಲ್ಲ. ಮಂಕಾದ ಕಲ್ಪನೆಗೆ ನೆರವಾಗುವ ಪ್ರದರ್ಶನಗಳು ಎಂದರು. ಅವರ ಜೊತೆ ಒಡನಾಡಿದ ಹಾರ್ವೆ ಸ್ಯಾಕ್ಸ್ ಮತ್ತು ಇಮ್ಯಾನುಯೆಲ್ ಶೆಗ್ಲಾಫ್, ಮಾತನ್ನು ಬೇಕೆಂದು ಕೆಡಿಸುವುದನ್ನು ಬಿಟ್ಟು, ತಾನಾಗಿ ನಡೆಯುವ ಮಾತನ್ನು ಟೇಪಿನಲ್ಲಿ ಹಿಡಿದು ಮತ್ತೆ ಮತ್ತೆ ಕೇಳಿದರು. ಬದುಕಿನಲ್ಲಿ ನಿಯಮ ತಾನಾಗಿಯೇ ತಪ್ಪುತ್ತಿರುತ್ತದೆ, ಕಾದು ಕೂತರೆ ಸಾಕು.

ಶೆಗ್ಲಾಫ್ 1968ರಲ್ಲಿ ಬರೆದ ಲೇಖನ ಇದಕ್ಕೆ ಒಳ್ಳೆಯ ಮಾದರಿ. ಪೊಲೀಸ್ ಠಾಣೆಯೊಂದರ ಸುಮಾರು 500 ದೂರವಾಣಿ ಕರೆಗಳ ಆರಂಭವನ್ನು ಅವರು ಪರಿಶೀಲಿಸಿದರು. ಎಲ್ಲದರಲ್ಲೂ ಒಂದೇ ಕ್ರಮ: ಫೋನ್ ಎತ್ತಿದವರು ಮೊದಲು ಮಾತನಾಡುತ್ತಾರೆ. ಒಂದು ಕರೆಯಲ್ಲಿ ಮಾತ್ರ ಹಾಗಾಗಲಿಲ್ಲ. ಪೊಲೀಸರು ರೆಡ್ ಕ್ರಾಸ್‌ಗೆ ಕರೆ ಮಾಡಿದ್ದಾರೆ. ಆ ಕಡೆ ರಿಸೀವರ್ ಎತ್ತಿದ ಸದ್ದು. ಒಂದು ಸೆಕೆಂಡ್ ಮೌನ. ಆಗ ಕರೆ ಮಾಡಿದವರೇ ‘ಹಲೋ’ ಎಂದರು. ಆಮೇಲೆ ಆ ಕಡೆಯಿಂದ ಸಂಸ್ಥೆಯ ಹೆಸರು ಬಂತು.

499 ಕರೆಗಳು ಒಂದು ಕಡೆ ಇರುವಾಗ ಒಂದನ್ನು ಅಪವಾದವೆಂದು ಪಕ್ಕಕ್ಕಿಡಬಹುದಿತ್ತು. ಶೆಗ್ಲಾಫ್ ತಮ್ಮ ನಿಯಮವನ್ನೇ ಪಕ್ಕಕ್ಕಿಟ್ಟರು. ಫೋನಿನ ಗಂಟೆ ಒಂದು ಕೂಗು, ಹೆಸರು ಹಿಡಿದು ಕರೆದ ಹಾಗೆ. ಎತ್ತಿದವರು ಆಡುವ ಮೊದಲ ಮಾತು ಆ ಕೂಗಿಗೆ ಓಗೊಡುವಿಕೆ. ಓಗೊಡದೆ ಸುಮ್ಮನಿದ್ದರೆ ಕೂಗಿದವರು ಏನು ಮಾಡುತ್ತಾರೆ? ಮತ್ತೊಮ್ಮೆ ಕೂಗುತ್ತಾರೆ. ಪೊಲೀಸರ ಆ ‘ಹಲೋ’ ಎರಡನೆಯ ಕೂಗು. ಹೀಗೆ ನೋಡಿದಾಗ 500 ಕರೆಗಳೂ ಒಂದೇ ಕ್ರಮದೊಳಗೆ ಬಂದವು. ನಮ್ಮ ಮೊಬೈಲ್‌ಗಳಿಗೂ ಇದನ್ನು ಹಚ್ಚಿ ನೋಡಿ. ಪರದೆಯ ಮೇಲೆ ಗೆಳತಿಯ ಹೆಸರು ಕಂಡಾಗ ನಾವು ‘ಹಲೋ’ ಬಿಟ್ಟು ನೇರವಾಗಿ ‘ಹೇಳು’ ಎನ್ನುತ್ತೇವೆ, ಹಿರಿಯರಾದರೆ ‘ಹೇಳಿ’ ಎನ್ನುತ್ತೇವೆ. ಓಗೊಡುವುದು, ಗುರುತು ಹಿಡಿದದ್ದನ್ನು ತಿಳಿಸುವುದು, ವಿಷಯಕ್ಕೆ ಬಾ ಎನ್ನುವುದು, ಮೂರೂ ಆ ಒಂದು ಮಾತಿನಲ್ಲಿ ಮುಗಿಯುತ್ತವೆ. ಗೊತ್ತಿಲ್ಲದ ನಂಬರಿನಿಂದ ಬಂದ ಕರೆಗೆ ‘ಹೇಳು’ ಎಂದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ.

ಆ ಒಂದು ಸೆಕೆಂಡ್ ಮೌನದ ಬಗ್ಗೆ ಒಂದು ಮಾತು. ಜಗತ್ತಿನ ಬೇರೆ ಬೇರೆ ಭಾಗಗಳ ಹತ್ತು ಭಾಷೆಗಳ ಮಾತುಕತೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹೌದು-ಇಲ್ಲ ಉತ್ತರದ ಪ್ರಶ್ನೆಗೂ ಅದರ ಉತ್ತರಕ್ಕೂ ನಡುವಿನ ಅಂತರ ಎಲ್ಲ ಭಾಷೆಗಳನ್ನು ಸೇರಿಸಿದಾಗ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಎಂದು ಅದರಿಂದ ತಿಳಿಯಿತು. ಆ ಹತ್ತರಲ್ಲಿ ಕನ್ನಡವಿಲ್ಲ. ಆದರೂ ಅಳತೆಯ ಅಂದಾಜು ನಿಮಗೆ ಸಿಕ್ಕಿತು: ಮಾತಿನಲ್ಲಿ ಪೂರ್ತಿ ಒಂದು ಸೆಕೆಂಡ್ ಬಹಳ ದೀರ್ಘ ಕಾಲ. ಪಂಕ್ಚರ್ ಮಹಿಳೆ ದಂಗಾದ ಆ ‘ಒಂದು ಕ್ಷಣ’ವನ್ನು ಗಾರ್ಫಿಂಕೆಲ್ ಅವರ ವಿದ್ಯಾರ್ಥಿ ನೆನಪಿನಿಂದ ಬರೆದ. ಇಂದು ಅದನ್ನು ಅಳೆಯಬಹುದು.

ಹಾಗಾದರೆ ನೀವು ಮನೆಯಲ್ಲಿ ಏನು ಮಾಡಬೇಕು? ಬಾಡಿಗೆದಾರಳ ಹಾಗೆ ನಡೆದುಕೊಳ್ಳಬೇಡಿ ಎಂದೇ ಹೇಳುತ್ತೇನೆ. ಕನ್ನಡದ ಮನೆಯಲ್ಲಿ ಅದು ಅಮೆರಿಕದ ಮನೆಗಿಂತ ಸುಲಭ, ಆದ್ದರಿಂದಲೇ ಹೆಚ್ಚು ನೋವಿನದು. ಅಲ್ಲಿಯ ವಿದ್ಯಾರ್ಥಿಗಳು ಸಲುಗೆ ಕಳೆಯಲು ಮಾತಿನ ಧಾಟಿಯನ್ನೇ ಬದಲಿಸಬೇಕಿತ್ತು. ನಿಮಗೆ ತಮ್ಮನನ್ನೋ ಅಮ್ಮನನ್ನೋ ‘ನೀವು’ ಎಂದು ಕರೆದರೆ ಸಾಕು, ‘ಕೊಡುತ್ತೀಯಾ’ ಎನ್ನುವಲ್ಲಿ ‘ಕೊಡುತ್ತೀರಾ’ ಎಂದರೆ ಸಾಕು. ಮುನಿಸಿಕೊಂಡಾಗ ಮಾತ್ರ ಮನೆಯವರ ಮಧ್ಯೆ ನುಸುಳುವ ರೂಪ ಅದು. ನಿಮ್ಮ ಅಮ್ಮ ಅದನ್ನು ಮುನಿಸು ಎಂದೇ ಓದುತ್ತಾರೆ, ಕಾರಣ ಹುಡುಕುತ್ತಾರೆ, ರಾತ್ರಿಯೆಲ್ಲ ಯೋಚಿಸುತ್ತಾರೆ. ಗಾರ್ಫಿಂಕೆಲ್ ಅವರ ವಿದ್ಯಾರ್ಥಿಗಳು ಕೊನೆಗೆ ಎಲ್ಲವನ್ನೂ ವಿವರಿಸಿದ ಮೇಲೂ ಕೆಲವರ ಮನೆಯಲ್ಲಿ ಅಸಮಾಧಾನ ಉಳಿಯಿತು. ಇಂಥ ಪ್ರಯೋಗ ಇನ್ನು ಬೇಡ, ನಾವೇನು ಇಲಿಗಳಲ್ಲ ಎಂದು ಒಬ್ಬ ಅಕ್ಕನೋ ತಂಗಿಯೋ ಹೇಳಿದ ಮಾತು ಆ ಪುಸ್ತಕದಲ್ಲೇ ಇದೆ. ನಾನು ಅವಳ ಪಕ್ಷ. ಜನರಿಗೆ ತಿಳಿಸಿ, ಒಪ್ಪಿಗೆ ಪಡೆದು ಅಧ್ಯಯನ ಮಾಡುವುದು ಇಂದಿನ ಸಂಶೋಧನೆಯ ಮೂಲ ಷರತ್ತು. ಮನೆಯವರು ಆ ಷರತ್ತಿನ ಹೊರಗಿಲ್ಲ.

ಎರಡು ಕಾಲಂನ ಹಾಳೆಯನ್ನೇ ಹಿಡಿಯಿರಿ. ಮನೆಯವರ ಒಪ್ಪಿಗೆ ಪಡೆದು, ದಿನದ ಯಾವುದಾದರೂ ಹೊತ್ತಿನಲ್ಲಿ ಮೊಬೈಲ್ ರೆಕಾರ್ಡರನ್ನು ಅರ್ಧ ಗಂಟೆ ಅಡುಗೆಮನೆಯಲ್ಲಿ ಇಟ್ಟುಬಿಡಿ. ಮೊದಲ ಕೆಲವು ನಿಮಿಷ ಎಲ್ಲರೂ ರೆಕಾರ್ಡರ್ ಕಡೆ ನೋಡುತ್ತ ಮಾತನಾಡುತ್ತಾರೆ, ಅದನ್ನು ಬಿಟ್ಟುಬಿಡಿ. ಆಮೇಲೆ ಅದರಿಂದ ಆರೇಳು ಸಾಲಿನ ಒಂದು ತುಣುಕನ್ನು ಆರಿಸಿ. ಎಲ್ಲಿಯಾದರೂ ಮೌನ ಎಳೆದಿದೆಯೇ, ಯಾರಾದರೂ ‘ಆಂ?’ ಎಂದು ಮತ್ತೆ ಹೇಳಿಸಿದ್ದಾರೆಯೇ, ‘ಹಾಗಲ್ಲ, ನಾನು ಹೇಳಿದ್ದು’ ಎಂದು ತಿದ್ದಿಕೊಂಡಿದ್ದಾರೆಯೇ, ಕೇಳದ ಕಾರಣವನ್ನು ಯಾರಾದರೂ ತಾವಾಗಿ ಕೊಟ್ಟಿದ್ದಾರೆಯೇ ಎಂದು ನೋಡಿ. ಅಂಥ ತುಣುಕೇ ಬೇಕು. ಎಲ್ಲ ಸರಾಗವಾಗಿ ಹರಿದುಹೋದ ಮಾತಿನಲ್ಲಿ ವಿಧಾನ ಕಣ್ಣಿಗೆ ಬೀಳುವುದಿಲ್ಲ.

ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. ‘ಊಟ ಆಯಿತೇ?’ ಎಂಬ ಮಾತನ್ನು ತೆಗೆದುಕೊಳ್ಳಿ. ಮಧ್ಯಾಹ್ನ ಎರಡು ಗಂಟೆಗೆ ಹೊರಗಿನಿಂದ ಬಂದ ನಿಮಗೆ ಅಮ್ಮ ಅಡುಗೆಮನೆಯಿಂದ ಇದನ್ನು ಕೇಳಿದರೆ, ಬಲಗಡೆ ನೀವು ಬರೆಯುವುದು: ಆಗಿಲ್ಲದಿದ್ದರೆ ಬಡಿಸುತ್ತೇನೆ, ಆಗಿದ್ದರೆ ಪಾತ್ರೆ ಎತ್ತಿಡುತ್ತೇನೆ, ಹೊರಗೆ ತಿಂದಿದ್ದರೆ ಮೊದಲೇ ಏಕೆ ಹೇಳಲಿಲ್ಲ. ನೀವು ‘ಇಲ್ಲ’ ಎಂದರೆ ತಟ್ಟೆ ಬರುತ್ತದೆ. ಅದೇ ಹೊತ್ತಿಗೆ ರಸ್ತೆಯಲ್ಲಿ ಎದುರಾದ ಪಕ್ಕದ ಬೀದಿಯವರು ಅದೇ ಮಾತು ಕೇಳುತ್ತಾರೆ. ಇಲ್ಲಿ ‘ಇಲ್ಲ’ ಎಂದು ನಿಂತುಬಿಟ್ಟರೆ ಕೇಳಿದವರ ಮೇಲೆ ಒಂದು ಹೊರೆ ಬೀಳುತ್ತದೆ. ‘ಯಾಕೆ, ಇಷ್ಟು ಹೊತ್ತಾಯಿತಲ್ಲ’ ಎಂದು ವಿಚಾರಿಸಬೇಕು, ಇಲ್ಲವೇ ‘ಬನ್ನಿ, ನಮ್ಮಲ್ಲೇ ಮಾಡಿ’ ಎನ್ನಬೇಕು. ಆ ಹೊರೆ ಬೀಳದಿರಲಿ ಎಂದು, ಹಸಿದಿದ್ದರೂ ‘ಆಯಿತು, ನಿಮ್ಮದು?’ ಎಂದು ಮುಂದೆ ಹೋಗುವವರು ಬಹಳ. ‘ಹೇಗಿದ್ದೀರಿ?’ ಎಂಬ ಇಂಗ್ಲಿಷಿನ ಕುಶಲ ಪ್ರಶ್ನೆಯ ಬಗ್ಗೆ ಸ್ಯಾಕ್ಸ್ ಇದನ್ನೇ ತೋರಿಸಿದರು. ‘ಚೆನ್ನಾಗಿಲ್ಲ’ ಎಂದರೆ ‘ಏನಾಯಿತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರವನ್ನು ಎಲ್ಲರ ಮುಂದೆ ಬಿಡಿಸಿಡಲು ಆಗುವುದಿಲ್ಲ. ಆದ್ದರಿಂದ ಜನ ಸುಳ್ಳು ಹೇಳುತ್ತಾರೆ, ಸುಳ್ಳುಗಾರರು ಎಂದು ಅದಕ್ಕಾಗಿ ಅವರನ್ನು ಯಾರೂ ದೂರುವುದಿಲ್ಲ.

ಎರಡೂ ಕಡೆ ಮಾತು ಒಂದೇ. ಯಾವುದು ವಿಚಾರಣೆ, ಯಾವುದು ಕುಶಲ ಎಂದು ನಿಮಗೆ ಹೇಗೆ ಗೊತ್ತಾಯಿತು? ಹೊತ್ತು, ಜಾಗ, ಕೇಳಿದವರು, ಅವರು ನಿಂತು ಕೇಳಿದರೋ ನಡೆಯುತ್ತಲೇ ಕೇಳಿದರೋ, ಹೀಗೆ ಬರೆಯುತ್ತ ಹೋಗಿ. ಪುಟ ತುಂಬಿದ ಮೇಲೂ ಬರೆಯಬೇಕಾದದ್ದು ಉಳಿದಿದೆ ಎನ್ನಿಸುವ ಸಾಲಿನ ಕೆಳಗೆ ಗೆರೆ ಎಳೆಯಿರಿ. ಮಾರನೆಯ ದಿನ ಆ ಹಾಳೆಯನ್ನು ಮಾತನಾಡಿದವರಿಗೇ ತೋರಿಸಿ, ಬಲಗಡೆ ನೀವು ಬರೆದದ್ದು ಸರಿಯೇ ಎಂದು ಕೇಳಿ. ಅವರು ‘ನಾನು ಹಾಗೆ ಅಂದುಕೊಳ್ಳಲಿಲ್ಲ’ ಎಂದ ಕಡೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಹಾಗಿದ್ದೂ ಎಡಗಡೆಯ ಮಾತು ಅಲ್ಲಿ ಮುಗ್ಗರಿಸದೆ ಮುಂದೆ ಸಾಗಿತ್ತೇ ಎಂದು ಟೇಪ್ ಹಾಕಿ ಮತ್ತೆ ಕೇಳಿ. ವರದಿಯ ಮುಖ್ಯ ಭಾಗವನ್ನು ಆ ಕಡೆಗಳ ಮೇಲೆ ಬರೆಯಿರಿ.